ಗೂಗಲ್ ಡಿಸ್ಕವರ್ ಕಾರ್ಡಿನಲ್ಲಿ ಚಿತ್ರ ಚಿಕ್ಕದು, ಕ್ಲಿಕ್ ಕಡಿಮೆ: ದೋಷ ಹುಡುಕುವ ಕ್ರಮ

ಆಂಡ್ರಾಯ್ಡ್ ಫೋನಿನ ಮುಖಪರದೆಯನ್ನು ಬಲಕ್ಕೆ ಸರಿಸಿದಾಗ ತೆರೆದುಕೊಳ್ಳುವ, ಗೂಗಲ್ ಆ್ಯಪ್‌ನಲ್ಲೂ ಕ್ರೋಮ್‌ನ ಹೊಸ ಟ್ಯಾಬ್‌ನಲ್ಲೂ ಕಾಣುವ ಲೇಖನಗಳ ಸಾಲಿಗೆ 2018ರ ಸೆಪ್ಟೆಂಬರ್‌ನಿಂದ ಡಿಸ್ಕವರ್ ಎಂಬ ಹೆಸರಿದೆ. ಇಲ್ಲಿ ಓದುಗ ಏನನ್ನೂ ಟೈಪ್ ಮಾಡಿರುವುದಿಲ್ಲ. ಆತನ ಆಸಕ್ತಿಯನ್ನು ಊಹಿಸಿ ಫೀಡ್ ತಾನಾಗಿಯೇ ಲೇಖನಗಳನ್ನು ಮುಂದಿಡುತ್ತದೆ. ಒಂದು ಲೇಖನಕ್ಕೆ ಸಿಗುವ ಜಾಗ ಒಂದು ಚಿತ್ರ, ಒಂದು ಶೀರ್ಷಿಕೆ, ಕೆಳಗೆ ತಾಣದ ಹೆಸರು, ಇಷ್ಟೇ. ಹೀಗಾಗಿ ಕಾರ್ಡು ಕೆಲಸ ಮಾಡದಿದ್ದಾಗ ದೋಷ ಬಹುಮಟ್ಟಿಗೆ ಚಿತ್ರದಲ್ಲಿರುತ್ತದೆ ಅಥವಾ ಶೀರ್ಷಿಕೆಯಲ್ಲಿರುತ್ತದೆ. ಆದರೆ ಸುದ್ದಿಮನೆಗಳಲ್ಲಿ ಮೊದಲ ಏಟು ಯಾವಾಗಲೂ ಶೀರ್ಷಿಕೆಗೇ ಬೀಳುತ್ತದೆ. ಚಿತ್ರದ ಟ್ಯಾಗ್ ತಪ್ಪಾಗಿದ್ದರೂ ಉಪಸಂಪಾದಕರನ್ನು ಕರೆದು "ಸ್ವಲ್ಪ ಖಾರ ಹಾಕ್ರಪ್ಪ" ಎನ್ನುತ್ತಾರೆ. ಖಾರ ಹಾಕುವ ಮೊದಲು ನೋಡಬೇಕಾದವುಗಳನ್ನು, ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ, ಇಲ್ಲಿ ಬರೆದಿದ್ದೇನೆ.

## ಲಕ್ಷಣ: ಲೇಖನ ಕಾಣಿಸುತ್ತಿದೆ, ಆದರೆ ಚಿತ್ರ ಮೂಲೆಯಲ್ಲಿ ಚಿಕ್ಕ ಚೌಕವಾಗಿದೆ

ಇತರ ತಾಣಗಳ ಚಿತ್ರ ಪರದೆಯ ಅಗಲಕ್ಕೆ ಹರಡಿಕೊಂಡಿದ್ದು, ನಿಮ್ಮದು ಮಾತ್ರ ಶೀರ್ಷಿಕೆಯ ಪಕ್ಕದಲ್ಲಿ ಅಂಚೆಚೀಟಿಯಷ್ಟು ಕಾಣುತ್ತಿದ್ದರೆ, ಅದು ಸಾಮಾನ್ಯವಾಗಿ ಎರಡು ಕಾರಣಗಳಲ್ಲಿ ಒಂದನ್ನು ಸೂಚಿಸುತ್ತದೆ: ದೊಡ್ಡ ಚಿತ್ರ ತೋರಿಸಲು ನಿಮ್ಮ ಪುಟ ಅನುಮತಿ ಕೊಟ್ಟಿಲ್ಲ, ಇಲ್ಲವೇ ಪುಟ ಮುಂದಿಟ್ಟಿರುವ ಚಿತ್ರವೇ ಸಾಲದು. ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಕೇಳುವುದು ಕನಿಷ್ಠ 1200 ಪಿಕ್ಸೆಲ್ ಅಗಲದ ಚಿತ್ರ ಮತ್ತು ಅದನ್ನು ದೊಡ್ಡದಾಗಿ ತೋರಿಸಬಹುದೆಂಬ `max-image-preview:large` ಎಂಬ ಸೂಚನೆ.

ಮೊದಲ ಪರೀಕ್ಷೆಗೆ ಒಂದು ನಿಮಿಷ ಸಾಕು. ಲೇಖನದ ವಿಳಾಸವನ್ನು ಹಾಕಿ ಟರ್ಮಿನಲ್‌ನಲ್ಲಿ ಹೀಗೆ ಕೇಳಿ:

```
curl -sL "https://example.com/adike-elechukki" | grep -ioE '<meta[^>]*(og:image|og:title|robots)[^>]*>'
```

ಟರ್ಮಿನಲ್ ಒಗ್ಗದವರು ಕಂಪ್ಯೂಟರಿನ ಕ್ರೋಮ್‌ನಲ್ಲಿ ವಿಳಾಸದ ಮುಂದೆ `view-source:` ಸೇರಿಸಿ ತೆರೆದು, ಅದರಲ್ಲಿ `max-image-preview` ಎಂದೂ, ಪುಟ ಮುಂದಿಡುವ ಚಿತ್ರದ ವಿಳಾಸವಿರುವ `og:image` ಎಂದೂ ಹುಡುಕಿದರೂ ಆಯಿತು. ಉತ್ತರದಲ್ಲಿ `max-image-preview:large` ಇದ್ದರೆ ಅನುಮತಿ ಸರಿಯಿದೆ. `standard` ಅಥವಾ `none` ಎಂದಿದ್ದರೆ ದೋಷ ಸಿಕ್ಕಂತೆಯೇ. ವರ್ಡ್‌ಪ್ರೆಸ್ 5.7 ಬಂದ 2021ರಿಂದ ಈ ಸೂಚನೆಯನ್ನು ವರ್ಡ್‌ಪ್ರೆಸ್ ತಾನೇ ಸೇರಿಸುತ್ತದೆ. ಆದ್ದರಿಂದ ವರ್ಡ್‌ಪ್ರೆಸ್ ತಾಣದಲ್ಲಿ ಅದು ಕಾಣೆಯಾಗಿದ್ದರೆ ಯಾವುದೋ ಪ್ಲಗಿನ್ ಅಥವಾ ಥೀಮ್ ಅದನ್ನು ತೆಗೆದುಹಾಕಿರಬಹುದು. ಕೈಯಿಂದ ಬರೆಸಿದ ತಾಣಗಳಲ್ಲಿ ಅದು ಮೊದಲಿನಿಂದಲೂ ಇಲ್ಲದಿರುವ ಸಾಧ್ಯತೆ ಹೆಚ್ಚು. ಪುಟದಲ್ಲಿ ಎಲ್ಲವೂ ಸರಿಯಿದ್ದೂ ಫಲ ಕಾಣದಿದ್ದರೆ `curl -sI` ಕೊಟ್ಟು ಸರ್ವರ್ ಕಳಿಸುವ ಹೆಡರ್‌ಗಳಲ್ಲಿ `X-Robots-Tag` ಇದೆಯೇ ನೋಡಿ. ಪುಟದಲ್ಲಿ ಕೊಟ್ಟ ಅನುಮತಿಗಿಂತ ಕಟ್ಟುನಿಟ್ಟಾದ ನಿಬಂಧನೆ ಅಲ್ಲಿದ್ದರೆ ಕಟ್ಟುನಿಟ್ಟಾದದ್ದೇ ಗೆಲ್ಲುತ್ತದೆ.

ಎರಡನೆಯ ಪರೀಕ್ಷೆ ಚಿತ್ರದ ನಿಜವಾದ ಅಗಲದ್ದು. `og:image` ಎದುರಿಗಿರುವ ವಿಳಾಸವನ್ನು ಪ್ರತ್ಯೇಕ ಟ್ಯಾಬ್‌ನಲ್ಲಿ ತೆರೆದರೆ, ಟ್ಯಾಬ್‌ನ ಹೆಸರಿನಲ್ಲೇ ಕ್ರೋಮ್ ಅಳತೆಯನ್ನು ತೋರಿಸುತ್ತದೆ. `og:image:width` ಎಂದು ಪುಟ ಹೇಳಿಕೊಳ್ಳುವ ಸಂಖ್ಯೆಯನ್ನು ನಂಬಬೇಡಿ. ಟೆಂಪ್ಲೇಟಿನಲ್ಲಿ 1200 ಎಂದು ಶಾಶ್ವತವಾಗಿ ಬರೆದಿಟ್ಟು, ಕೆಳಗೆ 640ರ ಚಿತ್ರ ಇಡುವವರೂ ಇದ್ದಾರೆ.

### 1024ರ ಬಲೆ

ಮಲೆನಾಡಿನ ಕೃಷಿ ಸುದ್ದಿಯ ಒಂದು ಚಿಕ್ಕ ತಾಣದಲ್ಲಿ ನಾನು ಕಂಡ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೇ ದೋಷ ಹಲವು ಕಡೆ ಬೇರೆ ಬೇರೆ ವೇಷದಲ್ಲಿರುತ್ತದೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಳ್ಳೆಯ ಲೇಖನವೊಂದು ಪ್ರಕಟವಾಗಿತ್ತು. ವರದಿಗಾರರು ತೋಟದಲ್ಲೇ ಫೋನಿನಿಂದ ತೆಗೆದ ಫೋಟೊ 4000×3000 ಪಿಕ್ಸೆಲ್ ಇತ್ತು. ಇಷ್ಟು ದೊಡ್ಡ ಫೋಟೊ ಹಾಕಿದ ಮೇಲೂ ಕಾರ್ಡಿನಲ್ಲಿ ಚಿಕ್ಕ ಚೌಕವೇ ಏಕೆ ಬರುತ್ತಿದೆ ಎಂಬುದು ಅವರ ಪ್ರಶ್ನೆ.

ವರ್ಡ್‌ಪ್ರೆಸ್ ಒಂದು ಫೋಟೊ ಏರಿಸಿದೊಡನೆ ಅದರ ಹಲವು ಪ್ರತಿಗಳನ್ನು ಮಾಡಿಡುತ್ತದೆ: 150ರ ಚೌಕ, 300, 768, 1024, 1536, 2048 ಅಳತೆಗಳು, ಮೇಲೆ 2560ಕ್ಕೆ ಇಳಿಸಿದ ಒಂದು ಪ್ರತಿ. ಇವುಗಳಲ್ಲಿ `large` ಎಂಬ ಹೆಸರಿರುವುದು 1024ರ ಪ್ರತಿಗೆ. ಥೀಮ್ ಬರೆದವರು `og:image` ತುಂಬುವಾಗ `large` ಎಂದರೆ ದೊಡ್ಡದು ತಾನೇ ಎಂದುಕೊಂಡು ಅದನ್ನೇ ಆರಿಸಿದ್ದರು. ಹೀಗಾಗಿ ಸರ್ವರ್‌ನಲ್ಲಿ 2560ರ ಚಿತ್ರ ಬಿದ್ದಿದ್ದರೂ ಗೂಗಲ್‌ಗೆ ತೋರಿಸಿದ್ದು 1024×768ರದ್ದು. 1200ಕ್ಕೆ 176 ಪಿಕ್ಸೆಲ್ ಕಡಿಮೆ! ಅನುಮತಿಯ ಸೂಚನೆ ಸರಿಯಾಗಿಯೇ ಇತ್ತು.

ಸರಳ ಪರಿಹಾರವೆಂದರೆ `large` ಇದ್ದ ಜಾಗದಲ್ಲಿ `full` ಎಂದು ಬರೆಯುವುದು. ಆದರೆ ಆಗ ಕಾರ್ಡಿಗೆ 4:3 ಚಿತ್ರ ಹೋಗುತ್ತದೆ. ಕಾರ್ಡು ಅಗಲವಾದ 16:9 ಚೌಕಟ್ಟಿಗೆ ಹೊಂದಿಸುವಾಗ ಮೇಲೆ ಕೆಳಗೆ ಎಲ್ಲಿ ಕತ್ತರಿಸುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ ಕಾರ್ಡಿಗೆಂದೇ ಒಂದು ಅಳತೆಯನ್ನು ಥೀಮ್‌ನಲ್ಲಿ ಸೇರಿಸಿದೆವು:

```php
add_image_size( 'feed-card', 1200, 675, true );
```

`og:image` ತುಂಬುವಲ್ಲಿ `large` ಬದಲು ಈ `feed-card` ಹೆಸರನ್ನೇ ಬರೆದೆವು. ಈ ಅಳತೆ ಮುಂದೆ ಏರಿಸುವ ಚಿತ್ರಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಚಿತ್ರಗಳಿಗೂ ಈ ಪ್ರತಿ ಬೇಕಾದರೆ, ಸರ್ವರ್‌ನಲ್ಲಿ WP-CLI ಎಂಬ ವರ್ಡ್‌ಪ್ರೆಸ್ ಉಪಕರಣದಿಂದ ಹೀಗೆ ಮಾಡಿಸಬೇಕು:

```
wp media regenerate --image_size=feed-card
```

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಾವಿರಾರು ಚಿತ್ರಗಳಿರುವ ತಾಣದಲ್ಲಿ ಈ ಆಜ್ಞೆ ಡಿಸ್ಕ್ ತುಂಬಿಸಬಲ್ಲದು, ಹಂಚಿಕೆಯ ಹೋಸ್ಟಿಂಗ್‌ನಲ್ಲಿ ತಾಣವನ್ನು ನಿಧಾನಗೊಳಿಸಬಲ್ಲದು. ಬ್ಯಾಕಪ್ ಮಾಡಿಕೊಂಡು, ಉಳಿದಿರುವ ಜಾಗ ನೋಡಿಕೊಂಡು, ಓದುಗರು ಕಡಿಮೆ ಇರುವ ರಾತ್ರಿ ಹೊತ್ತಿನಲ್ಲಿ ಮಾಡಿ. ಥೀಮ್ ಕಡತ ತಿದ್ದಿ ಅಭ್ಯಾಸವಿಲ್ಲದವರು ಇಲ್ಲಿಗೇ ನಿಲ್ಲಿಸಿ ತಾಣ ಕಟ್ಟಿಕೊಟ್ಟವರನ್ನು ಕರೆಯುವುದು ಒಳ್ಳೆಯದು. ಒಂದು ಅರ್ಧವಿರಾಮ ಚಿಹ್ನೆ ತಪ್ಪಿದರೂ ಇಡೀ ತಾಣ ನಿಂತುಹೋಗಬಹುದು.

ಮೂಲವೇ ಚಿಕ್ಕದಾಗಿದ್ದರೆ ಈ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ್ದು ಕುಗ್ಗಿ ಬರುತ್ತದೆ. ಅದರಲ್ಲೂ ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ಚಿತ್ರವಾದರೆ ಅಗಲ 1200 ಮುಟ್ಟುವುದೇ ಅನುಮಾನ. ವರದಿಗಾರರಿಗೆ ಫೋನನ್ನು ಅಡ್ಡ ಹಿಡಿದು ತೆಗೆಯಿರಿ, ಡಾಕ್ಯುಮೆಂಟ್ ಆಗಿ ಕಳಿಸಿರಿ ಎಂದು ಹೇಳಿದರೆ ಖರ್ಚಿಲ್ಲದೆ ಅರ್ಧ ದೋಷ ಹೋಗುತ್ತದೆ. 800ರ ಚಿತ್ರವನ್ನು ಹಿಗ್ಗಿಸಿ 1200 ಮಾಡಿದರೆ ಸಂಖ್ಯೆ ಸರಿಹೋಗುತ್ತದೆಯೇ ಹೊರತು ಎಲೆಯ ಮೇಲಿನ ಚುಕ್ಕಿ ಕಾಣುವುದಿಲ್ಲ.

## ಲಕ್ಷಣ: ಚಿತ್ರ ದೊಡ್ಡದಾಗಿದೆ, ಆದರೆ ಬೇರೆಯದು, ಅಥವಾ ತಲೆ ಕತ್ತರಿಸಿದೆ

ಕಾರ್ಡಿನಲ್ಲಿ ತಾಣದ ಲೋಗೊ ಕಾಣುತ್ತಿದ್ದರೆ, ಆ ಲೇಖನಕ್ಕೆ ಫೀಚರ್ಡ್ ಇಮೇಜ್ ಹಾಕಲು ಮರೆತಿದ್ದೀರಿ ಮತ್ತು ಪ್ಲಗಿನ್ ತನ್ನಲ್ಲಿರುವ ಪೂರ್ವನಿಯೋಜಿತ ಚಿತ್ರವನ್ನು ತುಂಬಿದೆ. ಪುಟದಲ್ಲಿರುವ ಇನ್ನೊಂದು ಚಿತ್ರ, ಉದಾಹರಣೆಗೆ "ಇದನ್ನೂ ಓದಿ" ಸಾಲಿನದು, ಬಂದಿದ್ದರೆ `og:image` ಒಂದನ್ನೂ, ಲೇಖನದ ವಿವರವನ್ನು ಯಂತ್ರಕ್ಕೆ ತಿಳಿಸುವ ಸ್ಕೀಮಾದಲ್ಲಿರುವ `image` ಇನ್ನೊಂದನ್ನೂ ತೋರಿಸುತ್ತಿವೆಯೇ ನೋಡಿ. ಎರಡು ಎಸ್‌ಇಒ ಪ್ಲಗಿನ್‌ಗಳನ್ನು ಒಟ್ಟಿಗೆ ಚಾಲೂ ಇಟ್ಟ ತಾಣಗಳಲ್ಲಿ ಇದು ಸಾಮಾನ್ಯ. ಒಂದನ್ನು ನಿಲ್ಲಿಸಿದರೆ ಗೊಂದಲ ಹೋಗುತ್ತದೆ.

ಮುಖ ಅಥವಾ ಮುಖ್ಯ ವಸ್ತು ಕತ್ತರಿಸಿ ಹೋಗಿದ್ದರೆ ಮೇಲೆ ಹೇಳಿದ 16:9 ಅನುಪಾತದ ಸಮಸ್ಯೆ. ನಮ್ಮ ಅಡಿಕೆ ಪ್ರಕರಣದಲ್ಲೂ ಮೊದಲ ಯತ್ನದಲ್ಲಿ ಚುಕ್ಕಿ ಬಿದ್ದ ಸೋಗೆ ಮೇಲಂಚಿನಲ್ಲಿತ್ತು, ನಡುವಿನಿಂದ ಕತ್ತರಿಸಿದಾಗ ಉಳಿದದ್ದು ಬರೀ ಮರದ ಕಾಂಡ. ಅಂತಹ ಚಿತ್ರವನ್ನು ಏರಿಸುವ ಮೊದಲೇ ಕೈಯಿಂದ 1200×675ಕ್ಕೆ ಕತ್ತರಿಸುವುದೇ ಸರಿಯಾದ ದಾರಿ. ಯಂತ್ರಕ್ಕೆ ಸೋಗೆ ಮುಖ್ಯವೋ ಕಾಂಡ ಮುಖ್ಯವೋ ತಿಳಿಯದು.

ಚಿತ್ರದ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಂಪು ಬಾಣ ಹಾಕುವ ಯೂಟ್ಯೂಬ್ ಶೈಲಿಯ ಥಂಬ್‌ನೇಲ್‌ಗಳನ್ನು ಇಲ್ಲಿ ಬಿಟ್ಟುಬಿಡಿ. ಕನ್ನಡದ ಒತ್ತಕ್ಷರಗಳು ಚಿಕ್ಕ ಪರದೆಯಲ್ಲಿ ಒಂದರ ಮೇಲೊಂದು ಕುಳಿತು ಕಲೆಯಂತಾಗುತ್ತವೆ, ಕೆಳಗೆ ಅದೇ ಮಾತು ಶೀರ್ಷಿಕೆಯಲ್ಲಿ ಮತ್ತೆ ಬರುತ್ತದೆ. ಚಿತ್ರದಲ್ಲಿ ಬರಹ ಬೇಡವೆಂಬುದು ಗೂಗಲ್‌ನ ಸಲಹೆಯೂ ಹೌದು.

ದೊಡ್ಡ ಚಿತ್ರ ಹಾಕುವಾಗ ಗಮನಿಸಬೇಕಾದ ಎರಡು ಅಪಾಯಗಳಿವೆ. ಫೋನಿನಲ್ಲಿ ತೆಗೆದ ಮೂಲ ಫೋಟೊದೊಳಗೆ ತೆಗೆದ ಸ್ಥಳದ ಜಿಪಿಎಸ್ ವಿವರ ಇರಬಹುದು. ದೂರುದಾರರ ಮನೆಯಲ್ಲೋ ಸಂತ್ರಸ್ತರ ಊರಲ್ಲೋ ತೆಗೆದದ್ದಾದರೆ ಪ್ರಕಟಿಸುವ ಮೊದಲು ಅದನ್ನು ಅಳಿಸಿ. ಎರಡನೆಯದು, ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿಯೂ, ಮಗುವಾದರೆ ಪೋಕ್ಸೊ ಕಾಯ್ದೆಯ 23ನೇ ಕಲಮಿನಡಿಯೂ ಅಪರಾಧ. ಅನುಮಾನವಿದ್ದರೆ ಕಾರ್ಡಿಗೆ ಸಾಂಕೇತಿಕ ಚಿತ್ರ ಹಾಕಿ, ವಕೀಲರನ್ನು ಕೇಳುವವರೆಗೆ ಮೂಲ ಚಿತ್ರವನ್ನು ತಾಣಕ್ಕೆ ಏರಿಸಲೇ ಬೇಡಿ.

## ಲಕ್ಷಣ: ಇಂಪ್ರೆಷನ್ ಸಾಕಷ್ಟಿದೆ, ಕ್ಲಿಕ್ ಮಾತ್ರ ಇಲ್ಲ

ಚಿತ್ರ ಸರಿಯಿದೆ ಎಂದು ಖಚಿತವಾದ ಮೇಲೆ ಮಾತ್ರ ಶೀರ್ಷಿಕೆಗೆ ಬನ್ನಿ. ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಡಿಸ್ಕವರ್ ವರದಿಯಲ್ಲಿ ಇಂಪ್ರೆಷನ್ ಎಂದರೆ ಓದುಗ ಸ್ಕ್ರೋಲ್ ಮಾಡುತ್ತಾ ಹೋದಾಗ ನಿಮ್ಮ ಕಾರ್ಡು ಆತನ ಪರದೆಗೆ ಬಂದದ್ದು. ಹುಡುಕಾಟದ ವರದಿಯಂತೆ ಇಲ್ಲಿ ಪ್ರಶ್ನೆಗಳ ಪಟ್ಟಿಯಾಗಲಿ ಸರಾಸರಿ ಸ್ಥಾನವಾಗಲಿ ಇಲ್ಲ, ಏಕೆಂದರೆ ಯಾರೂ ಏನನ್ನೂ ಕೇಳಿಲ್ಲ. ಲೇಖನವಾರು ಕ್ಲಿಕ್ ಪ್ರಮಾಣವನ್ನು ನೋಡುವಾಗ ಅಡಿಕೆ ಲೇಖನವನ್ನು ಸಿನಿಮಾ ಸುದ್ದಿಯ ಜೊತೆ ಹೋಲಿಸಬೇಡಿ. ಅಡಿಕೆಯನ್ನು ಅಡಿಕೆಯ ಜೊತೆ, ಹತ್ತಿರದ ಇಂಪ್ರೆಷನ್ ಇರುವ ನಿಮ್ಮದೇ ಲೇಖನಗಳ ಜೊತೆ ಹೋಲಿಸಿ. ಇಂಪ್ರೆಷನ್ ಇನ್ನೂರು ಮುನ್ನೂರರಲ್ಲಿದ್ದರೆ ಯಾವ ತೀರ್ಮಾನವೂ ಬೇಡ, ನಾಲ್ಕು ಜನ ಹೆಚ್ಚು ಒತ್ತಿದರೂ ಶೇಕಡಾವಾರು ಹಾರಿಬಿಡುತ್ತದೆ.

ಹುಡುಕಾಟಕ್ಕೆಂದು ಬರೆದ ಶೀರ್ಷಿಕೆ ಫೀಡಿನಲ್ಲಿ ಸೋಲುವುದಕ್ಕೆ ಸಹಜ ಕಾರಣವಿದೆ. "ಅಡಿಕೆ ಎಲೆಚುಕ್ಕಿ ರೋಗ | ಲಕ್ಷಣ | ಔಷಧ | ಸಿಂಪಡಣೆ" ಎಂಬುದು, ಈಗಾಗಲೇ ತೋಟದಲ್ಲಿ ಚುಕ್ಕಿ ಕಂಡು ಔಷಧ ಹುಡುಕುತ್ತಿರುವವನಿಗೆ ಸಾಕು. ಬೆಳಗ್ಗೆ ಕಾಫಿ ಕುಡಿಯುತ್ತಾ ಫೋನು ಸರಿಸುತ್ತಿರುವವನಿಗೆ ಅದು ಕಡತದ ಮೇಲಿನ ಚೀಟಿಯಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಹೋಗಿ ಆ ತಾಣದವರು ಇನ್ನೊಂದು ತುದಿಗೆ ಹೋಗಿದ್ದರು: "ಅಡಿಕೆ ಬೆಳೆಗಾರರಿಗೆ ಶಾಕ್! ತೋಟದಲ್ಲಿ ಈ ಲಕ್ಷಣ ಕಂಡರೆ ಕಥೆ ಮುಗೀತು, ಇಲ್ಲಿದೆ ನೋಡಿ ಮಾಹಿತಿ."

ಕನ್ನಡ ಶೀರ್ಷಿಕೆಯಲ್ಲಿ ಮಾಹಿತಿ ಬಚ್ಚಿಡುವ ಕೆಲಸವನ್ನು ಬಹುಪಾಲು ಮಾಡುವುದು "ಈ" ಎಂಬ ಒಂದೇ ಅಕ್ಷರ. ಈ ಲಕ್ಷಣ, ಈ ಜಿಲ್ಲೆಗಳಲ್ಲಿ, ಈ ಯೋಜನೆಯಡಿ, ಈ ನಟಿ ಯಾರು ಗೊತ್ತಾ? ಆದ್ದರಿಂದ ನಾನು ಮಾಡುವ ಮೊದಲ ಪರೀಕ್ಷೆ ಅತಿ ಅಗ್ಗದ್ದು: ಶೀರ್ಷಿಕೆಯಲ್ಲಿರುವ "ಈ" ಮೇಲೆ ಬೆರಳಿಟ್ಟು, ಯಾವುದು ಎಂದು ಕೇಳುವುದು. ಉತ್ತರ ಲೇಖನದೊಳಗೆ ಮಾತ್ರ ಇದ್ದರೆ ಅದನ್ನು ಹೊರಗೆ ತಂದು "ಈ" ಇದ್ದ ಜಾಗದಲ್ಲಿ ಕೂರಿಸಬೇಕು. ಅರ್ಥವಾಗಲು ಬೇಕಾದ ಮುಖ್ಯ ಮಾಹಿತಿಯನ್ನು ಬಚ್ಚಿಟ್ಟು ಕ್ಲಿಕ್ ಸೆಳೆಯುವುದನ್ನು ಗೂಗಲ್‌ನ ಮಾರ್ಗಸೂಚಿ ಹೆಸರಿಟ್ಟೇ ಬೇಡವೆನ್ನುತ್ತದೆ, ಉತ್ಪ್ರೇಕ್ಷೆಯನ್ನೂ ಸಿಟ್ಟು ಕೆರಳಿಸುವುದನ್ನೂ ಕೂಡ. ಹಾಗಿದ್ದರೂ ಇಂತಹ ಶೀರ್ಷಿಕೆಗಳು ಫೀಡಿನಲ್ಲಿ ತುಂಬಿವೆಯಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ತುಂಬಿವೆ. ಆದರೆ ಮೋಸಹೋದ ಓದುಗನ ಕೈಯಲ್ಲಿ ಕಾರ್ಡಿನ ಮೂರು ಚುಕ್ಕಿ ಇದೆ. ಅದನ್ನು ಒತ್ತಿ ಈ ತಾಣದ ಲೇಖನ ನನಗೆ ಬೇಡ ಎಂದು ಹೇಳಿದರೆ ಆತನ ಮಟ್ಟಿಗೆ ನಿಮ್ಮ ತಾಣ ಮುಗಿದಂತೆ.

ಎರಡನೆಯ ಪರೀಕ್ಷೆ ಕನ್ನಡ ವಾಕ್ಯದ ಸ್ವಭಾವಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಕ್ರಿಯಾಪದವೂ "ಇಲ್ಲ" ಎಂಬ ನಿಷೇಧವೂ ಕೊನೆಯಲ್ಲಿ ಬರುತ್ತವೆ. ಕಾರ್ಡಿನಲ್ಲಿ ಜಾಗ ಮುಗಿದಾಗ ಕತ್ತರಿಸುವುದು ಆ ಕೊನೆಯನ್ನೇ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರಿಗಂತೂ ಇನ್ನೂ ಬೇಗ. "ಗೃಹಲಕ್ಷ್ಮಿ ಯೋಜನೆಯ ಬಾಕಿ ಇರುವ ಕಂತಿನ 2000 ರೂಪಾಯಿ ಎಲ್ಲ ಫಲಾನುಭವಿಗಳ ಖಾತೆಗೆ ಜಮೆ ಆಗಿಲ್ಲ" ಎಂಬ ಶೀರ್ಷಿಕೆ "ಖಾತೆಗೆ ಜಮೆ…" ಎಂದು ನಿಂತರೆ ಸುದ್ದಿ ತಲೆಕೆಳಗಾಗುತ್ತದೆ. ಒತ್ತಿ ಒಳಗೆ ಬಂದವಳಿಗೆ ನೀವು ಸುಳ್ಳು ಹೇಳಿದಂತೆ ಅನ್ನಿಸುತ್ತದೆ, ನೀವು ಹೇಳದಿದ್ದರೂ. ನಿಷೇಧವಿರುವ ಸುದ್ದಿಯನ್ನು ಮೊದಲು ಮುಗಿಸಿ, ವಿವರವನ್ನು ನಂತರ ಇಡಿ: "ಗೃಹಲಕ್ಷ್ಮಿ ಹಣ ಇನ್ನೂ ಬಂದಿಲ್ಲ: ಬಾಕಿ ಕಂತಿಗೆ ಕಾಯುತ್ತಿರುವ ಫಲಾನುಭವಿಗಳು." ಈಗ ಎಲ್ಲಿ ಕತ್ತರಿಸಿದರೂ ಅರ್ಥ ಕೆಡುವುದಿಲ್ಲ.

ಮೂರನೆಯದು ಚಿತ್ರ ಮತ್ತು ಶೀರ್ಷಿಕೆ ಒಟ್ಟಿಗೆ ಏನು ಹೇಳುತ್ತವೆ ಎಂಬುದು. ಚಿತ್ರವನ್ನು ಕೈಯಿಂದ ಮುಚ್ಚಿ ಶೀರ್ಷಿಕೆಯನ್ನು ಮಾತ್ರ ಪಕ್ಕದವರಿಗೆ ಓದಿಸಿ, ಲೇಖನ ಯಾವುದರ ಬಗ್ಗೆ ಎಂದು ಕೇಳಿ. ಆಮೇಲೆ ಶೀರ್ಷಿಕೆ ಮುಚ್ಚಿ ಚಿತ್ರ ತೋರಿಸಿ. ಎರಡೂ ಬಾರಿ ಉತ್ತರ ಒಂದೇ ದಿಕ್ಕಿನಲ್ಲಿರಬೇಕು. ಎಲೆಚುಕ್ಕಿ ಲೇಖನಕ್ಕೆ ಹಸಿರು ತುಂಬಿದ ಸುಂದರ ತೋಟದ ಚಿತ್ರ ಹಾಕಿದರೆ, ಅದು ಪ್ರವಾಸದ ಲೇಖನವೆಂದುಕೊಂಡು ಬೆಳೆಗಾರ ಮುಂದೆ ಸರಿದುಬಿಡುತ್ತಾನೆ. ಆ ತಾಣದಲ್ಲಿ ಕೊನೆಗೆ ಉಳಿದದ್ದು ಹಳದಿ ಅಂಚಿನ ಕಂದು ಚುಕ್ಕಿಗಳು ಸ್ಪಷ್ಟವಾಗಿ ಕಾಣುವ ಒಂದೇ ಸೋಗೆಯ ಚಿತ್ರ ಮತ್ತು "ಅಡಿಕೆ ಎಲೆಚುಕ್ಕಿ: ಮಳೆ ಬಿಡುವು ಕೊಟ್ಟಾಗ ಮೊದಲು ಕೆಳಗಿನ ಸೋಗೆ ನೋಡಿ" ಎಂಬ ಶೀರ್ಷಿಕೆ. ಬೆಳೆ ಯಾವುದು, ರೋಗ ಯಾವುದು, ಏನು ಮಾಡಬೇಕು ಎಂಬ ಮೂರೂ ಅಲ್ಲಿವೆ. ಹೇಗೆ ನೋಡಬೇಕು ಎಂಬುದಕ್ಕೆ ಒಳಗೆ ಬರಬೇಕು, ಅದು ನ್ಯಾಯವಾದ ಕುತೂಹಲ.

## ಲಕ್ಷಣ: ಶೀರ್ಷಿಕೆ ಬದಲಿಸಿದೆ, ಕಾರ್ಡಿನಲ್ಲಿ ಹಳೆಯದೇ ಇದೆ

ಪುಟದ `<title>`, ಮೇಲೆ ಕಾಣುವ `<h1>`, `og:title` ಇವು ಮೂರೂ ಬೇರೆ ಬೇರೆ ಜಾಗಗಳು. ಸಂಪಾದಕರು ತಿದ್ದುವುದು ಸಾಮಾನ್ಯವಾಗಿ `<h1>` ಆಗುವ ಶೀರ್ಷಿಕೆಯನ್ನು. ಎಸ್‌ಇಒ ಪ್ಲಗಿನ್‌ನ ಪೆಟ್ಟಿಗೆಯಲ್ಲಿ ಕೈಯಿಂದ ಬರೆದ ಹಳೆಯ `og:title` ಹಾಗೆಯೇ ಉಳಿದಿರುತ್ತದೆ. ಮೊದಲು ಕೊಟ್ಟ `curl` ಸಾಲನ್ನೇ ಮತ್ತೆ ಓಡಿಸಿ ನೋಡಿ. ಅಲ್ಲಿ ಹೊಸದು ಬಂದಿದ್ದರೆ ಉಳಿದದ್ದು ಗೂಗಲ್ ಪುಟವನ್ನು ಮತ್ತೆ ಓದುವ ಸಮಯ ಮಾತ್ರ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಪರಿಶೀಲನೆಯಲ್ಲಿ ಒಮ್ಮೆ ಮರು-ಇಂಡೆಕ್ಸಿಂಗ್ ಕೇಳಬಹುದು, ಹತ್ತು ಸಲ ಕೇಳಿದರೆ ಬೇಗವಾಗುವುದಿಲ್ಲ. ಗಂಟೆಗೊಮ್ಮೆ ಶೀರ್ಷಿಕೆ ಬದಲಿಸುವುದೂ, ಒಳಗೆ ಏನೂ ಬದಲಿಸದೆ ಪ್ರಕಟಣೆಯ ದಿನಾಂಕವನ್ನು ಇಂದಿನದ್ದಾಗಿಸುವುದೂ ಬೇಡ. ಯಾವ ಬದಲಾವಣೆ ಫಲ ಕೊಟ್ಟಿತೆಂದು ನಿಮಗೇ ತಿಳಿಯದಾಗುತ್ತದೆ.

## ಲಕ್ಷಣ: ನಿನ್ನೆಯವರೆಗೆ ಸಾವಿರಾರು ಕ್ಲಿಕ್, ಇಂದು ಏನೂ ಇಲ್ಲ

ಒಂದೇ ಲೇಖನ ಬಿದ್ದಿದ್ದರೆ ಅದು ದೋಷವಲ್ಲ. ಹಲವು ಸುದ್ದಿ ಲೇಖನಗಳು ಫೀಡಿನಲ್ಲಿ ಎರಡು ಮೂರು ದಿನ ಇದ್ದು ಇಳಿಯುತ್ತವೆ. ಹುಡುಕಾಟದಂತೆ ಈ ಓದುಗರನ್ನು ನೆಚ್ಚಿಕೊಳ್ಳಲಾಗದೆಂದು ಗೂಗಲ್ ಕೂಡ ಹೇಳುತ್ತದೆ.

ಎಲ್ಲ ಲೇಖನಗಳೂ ಒಂದೇ ದಿನ ಬಿದ್ದಿದ್ದರೆ ಹುಡುಕಾಟದ ವರದಿಯನ್ನು ಪಕ್ಕದಲ್ಲಿಟ್ಟು ನೋಡಿ. ಎರಡೂ ಬಿದ್ದಿದ್ದರೆ ಸಮಸ್ಯೆ ಚಿತ್ರ ಶೀರ್ಷಿಕೆಗಳಿಗೆ ಸಂಬಂಧಿಸಿದ್ದಲ್ಲ: ಯಾರೋ `noindex` ಹಾಕಿದ್ದಾರೆ, `robots.txt` ಬದಲಾಗಿದೆ ಅಥವಾ ಸರ್ವರ್ ಕೈಕೊಟ್ಟಿದೆ. ಡಿಸ್ಕವರ್ ಮಾತ್ರ ಬಿದ್ದಿದ್ದರೆ ಸರ್ಚ್ ಕನ್ಸೋಲ್‌ನ `Manual actions` ಪುಟ ತೆರೆಯಿರಿ. ದಾರಿ ತಪ್ಪಿಸುವ ವಿಷಯಕ್ಕಾಗಿ ಡಿಸ್ಕವರ್‌ಗೆಂದೇ ಕ್ರಮ ಕೈಗೊಳ್ಳುವ ವ್ಯವಸ್ಥೆ ಗೂಗಲ್‌ನಲ್ಲಿದೆ, ಕ್ರಮವಾಗಿದ್ದರೆ ಅಲ್ಲಿ ಬರೆದಿರುತ್ತದೆ. ಆಗ ಒಂದೆರಡು ಶೀರ್ಷಿಕೆ ತಿದ್ದಿ ಮರುಪರಿಶೀಲನೆ ಕೇಳಬೇಡಿ. ಅದೇ ಮಾದರಿಯ ಎಲ್ಲ ಲೇಖನಗಳನ್ನೂ ಸರಿಪಡಿಸಿ, ಏನು ಮಾಡಿದಿರೆಂದು ಬರೆದು ಕೇಳಿ. ಅಲ್ಲಿ ಏನೂ ಬರೆದಿಲ್ಲವಾದರೆ, ಈ ಕೈಪಿಡಿಯ ಪರೀಕ್ಷೆಗಳನ್ನು ಒಮ್ಮೆ ಮುಗಿಸಿ ಒಂದೆರಡು ವಾರ ಏನನ್ನೂ ಕೆದಕದೆ ಬಿಡಿ.

## ಲಕ್ಷಣ: ಡಿಸ್ಕವರ್ ವರದಿಯೇ ಕಾಣುವುದಿಲ್ಲ

ಕಳೆದ 16 ತಿಂಗಳಲ್ಲಿ ಇಂಪ್ರೆಷನ್‌ಗಳು ಒಂದು ಕನಿಷ್ಠ ಮಟ್ಟ ಮುಟ್ಟಿದಾಗ ಮಾತ್ರ ಆ ವರದಿ ಮೆನುವಿನಲ್ಲಿ ತೋರುತ್ತದೆ. ಪುಟ ಇಂಡೆಕ್ಸ್ ಆಗಿದ್ದು ನೀತಿಗಳಿಗೆ ಒಳಪಟ್ಟಿದ್ದರೆ ಅರ್ಹತೆ ತಾನಾಗಿ ಬರುತ್ತದೆ, ಅದಕ್ಕೆ ಅರ್ಜಿಯಿಲ್ಲ, ಶುಲ್ಕವಿಲ್ಲ, ವಿಶೇಷ ಟ್ಯಾಗ್ ಇಲ್ಲ. ಹಣ ಕೊಟ್ಟರೆ ತಿಂಗಳೊಳಗೆ ಡಿಸ್ಕವರ್‌ಗೆ ಸೇರಿಸುತ್ತೇವೆ ಎಂದು ಟೆಲಿಗ್ರಾಂನಲ್ಲಿ ಬರುವವರಿಗೆ ಸರ್ಚ್ ಕನ್ಸೋಲ್‌ನ ಮಾಲೀಕತ್ವವನ್ನಾಗಲಿ ತಾಣದ ಅಡ್ಮಿನ್ ಪಾಸ್‌ವರ್ಡ್ ಅನ್ನಾಗಲಿ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ, ಬಳಕೆದಾರರ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರುಗಳನ್ನು ತೆಗೆದುಹಾಕಿ, ಅವರು ಹಾಕಿಸಿದ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಮೊದಲ `curl` ಪರೀಕ್ಷೆಯಿಂದ ಮತ್ತೆ ಆರಂಭಿಸಿ.